ಮೊದಲು ಉಪಯೋಗ ಹೇಳಿ, ಆಮೇಲೆ ವಿಳಾಸ ಕೇಳಿ
ಮಾವಿನ ಪೆಟ್ಟಿಗೆ, ಒಂದು ಪುಟದ ಪಟ್ಟಿ ಮತ್ತು ಕುಮಾರ ಪಾರ್ಕಿನ ಗಿರಾಕಿಗಳು

2024ರ ಮೇ ತಿಂಗಳ ಒಂದು ಶನಿವಾರ. ಬೆಂಗಳೂರಿನ ಕುಮಾರ ಪಾರ್ಕ್ ಪಶ್ಚಿಮದ ಒಂದು ವಠಾರದ ಮುಂದೆ ಬಾದಾಮಿ ಮಾವಿನ ಪೆಟ್ಟಿಗೆ ಇಳಿಸುತ್ತಿದ್ದೆ. ಹಿಂದಿನ ವಾರ ಹಣ್ಣು ಕೊಂಡಿದ್ದ ವಯಸ್ಸಾದ ತಾಯಿಯೊಬ್ಬರು ಪೆಟ್ಟಿಗೆ ಹಿಡಿದು ಕೆಳಗಿಳಿದು ಬಂದರು. "ಏನಪ್ಪಾ, ಒಂದು ವಾರ ಕಾದ್ರೂ ನಿನ್ನ ಕಾಯಿ ಹಣ್ಣೇ ಆಗ್ಲಿಲ್ಲ. ಮೇಲೆ ಕಪ್ಪು ಚುಕ್ಕೆ ಬೇರೆ. ಇದೇನಾ ತೋಟದ ಹಣ್ಣು ಅಂದ್ರೆ?"

"ಎಲ್ಲಿ ಇಟ್ಟಿದ್ರಿ ಅಮ್ಮ?" ಎಂದೆ.

"ಎಲ್ಲಿ ಇಡ್ತಾರೆ? ಕೆಟ್ಟು ಹೋಗ್ಬಾರ್ದು ಅಂತ ಫ್ರಿಜ್ಜಲ್ಲಿ ಇಟ್ಟಿದ್ದೆ."

ತಪ್ಪು ಅವರದಲ್ಲ, ನನ್ನದು. ಬಲಿತ ಹಸಿರು ಮಾವಿನಕಾಯಿಯನ್ನು ಸುಮಾರು 12 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಇಟ್ಟರೆ ಅದು ಸರಿಯಾಗಿ ಹಣ್ಣಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ಸಿಪ್ಪೆ ಕಪ್ಪಾಗುತ್ತದೆ. ಮನೆಯ ಫ್ರಿಜ್ ಇರುವುದು 4-5 ಡಿಗ್ರಿಯಲ್ಲಿ. ಇದು ನಮಗೆ ಗೊತ್ತು. ಕಾರ್ಬೈಡಿನಿಂದ ಹಳದಿ ಮಾಡಿದ ಹಣ್ಣನ್ನೇ ಅಂಗಡಿಯಲ್ಲಿ ನೋಡಿ ಅಭ್ಯಾಸವಾದ ಪೇಟೆಯವರಿಗೆ ಇದನ್ನು ಹೇಳಿದವರು ಯಾರು?

ಆ ಪೆಟ್ಟಿಗೆ ವಾಪಸು ತಗೊಂಡು ಬೇರೆ ಕೊಟ್ಟೆ. ಅದೇ ವಾರ ಇನ್ನೊಂದು ಕೆಲಸ ಕೆಟ್ಟಿತು. ಕೈಜಾರಿ ನನ್ನ ಫೋನು ಹೊಂಡಕ್ಕೆ ಬಿತ್ತು. ಎರಡು ವರ್ಷದಿಂದ ಕೂಡಿಟ್ಟ ಗಿರಾಕಿಗಳ ನಂಬರುಗಳೆಲ್ಲ ಅದರೊಳಗೇ ಇದ್ದವು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಮರದಲ್ಲಿ ಕಾಯಿ ಬಲಿತು ನಿಂತಿದೆ, ಕೊಳ್ಳುವವರು ಎಲ್ಲಿದ್ದಾರೆ ಅನ್ನೋದೇ ಗೊತ್ತಿಲ್ಲ. ಉಳಿದ ಫಸಲನ್ನು ಮಂಡಿಗೆ ಹಾಕಿ, ಅವರು ಹೇಳಿದ ದರಕ್ಕೆ ಕೈ ಮುಗಿದು ಬಂದೆ.

ಈ ಎರಡು ಪೆಟ್ಟಿನಿಂದ ಕಲಿತ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಪೇಟೆಗೆ ನೇರವಾಗಿ ಹಣ್ಣು, ಅಕ್ಕಿ, ಬೆಲ್ಲ, ಎಣ್ಣೆ ಮಾರುವ ಸಣ್ಣ ಕೃಷಿಕರಿಗೆ ಇದು ಉಪಯೋಗವಾದೀತು.

ಜವಾಬಿ ಲಕೋಟೆಯ ಹೊಸ ರೂಪ

ಕುಮಾರ ಪಾರ್ಕಿನಲ್ಲಿ ನನ್ನ ತಂಗಿಯ ಮಗಳು ಇದ್ದಾಳೆ. ಅವಳ ಮನೆ ಇದ್ದುದರಿಂದಲೇ ಆ ಬಡಾವಣೆಗೆ ನನ್ನ ಹಣ್ಣು ಹೋಗಲು ಶುರುವಾಗಿದ್ದು. ನನ್ನ ಪಾಡು ಕೇಳಿ ಅವಳು ಹೇಳಿದಳು: "ಮಾವ, ಆ ಅಜ್ಜಿಗೆ ಹೇಳಿದ್ದನ್ನೇ ಒಂದು ಪುಟದಲ್ಲಿ ಬರೆದುಕೊಡಿ. ಅದನ್ನ ಇನ್‌ಸ್ಟಾಗ್ರಾಂನಲ್ಲಿ ಪುಕ್ಕಟೆ ಕೊಡ್ತೀವಿ ಅಂತ ಹಾಕೋಣ. ಬೇಕಾದವರು ಇಮೇಲ್ ವಿಳಾಸ ಕೊಡ್ತಾರೆ. ವಿಳಾಸ ನಿಮ್ಮ ಪುಸ್ತಕದಲ್ಲಿ ಉಳಿಯುತ್ತೆ."

ಇದಕ್ಕೆ ಆ ಕಸುಬಿನವರು ಲೀಡ್ ಮ್ಯಾಗ್ನೆಟ್ ಅನ್ನುತ್ತಾರಂತೆ, ಗಿರಾಕಿಯನ್ನು ಎಳೆಯುವ ಅಯಸ್ಕಾಂತ ಅಂತ ಅರ್ಥ. ಬೆರಳಿನಿಂದ ಒಂದೊಂದಾಗಿ ಸರಿಸಿ ನೋಡುವ ಚಿತ್ರಗಳ ಸಾಲಿಗೆ ಕ್ಯಾರೊಸೆಲ್ ಎಂದು ಹೆಸರು. ನಾನು ಚಿತ್ರಮಾಲೆ ಅನ್ನುತ್ತೇನೆ. ಇನ್‌ಸ್ಟಾಗ್ರಾಂನಲ್ಲಿ ಒಂದು ಮಾಲೆಗೆ ಮೊದಲು 10 ಚಿತ್ರಗಳ ಮಿತಿ ಇತ್ತು, 2024ರಲ್ಲಿ ಅದನ್ನು 20ಕ್ಕೆ ಏರಿಸಿದರು. ನಮಗೆ ಏಳು ಧಾರಾಳ ಸಾಕು.

ಹೆಸರು ಹೊಸದು, ಪದ್ಧತಿ ಹಳೆಯದು. ಜವಾಬಿ ಲಕೋಟೆ ಕಳಿಸಿದರೆ ಕಿರುಹೊತ್ತಿಗೆ ಉಚಿತ ಎಂಬ ಪ್ರಕಟಣೆಗಳನ್ನು ಪತ್ರಿಕೆಗಳಲ್ಲಿ ಓದಿ ನಾವೆಲ್ಲ ಬರೆದವರೇ. ಆಗ ನಾವು ಅಂಚೆಚೀಟಿ ಖರ್ಚು ಮಾಡಿದ್ದು ಯಾವಾಗ? ಆ ಹೊತ್ತಿಗೆಯಿಂದ ನಮ್ಮ ತೋಟದ ಯಾವ ತೊಂದರೆ ನೀಗುತ್ತದೆ ಎಂಬುದು ಪ್ರಕಟಣೆಯಲ್ಲೇ ತಿಳಿದಾಗ ಮಾತ್ರ. ಬರೀ 'ಉಚಿತ' ಅಂದಿದ್ದಕ್ಕೆ ಯಾರೂ ಲಕೋಟೆ ಕಳಿಸುತ್ತಿರಲಿಲ್ಲ. ಈ ಒಂದು ಮಾತನ್ನು ಮರೆತು ನಾನು ಮೊದಲ ವರ್ಷ ಕೈ ಸುಟ್ಟುಕೊಂಡೆ.

ಮೊದಲ ಮಾಲೆ ಏಕೆ ಸೋತಿತು?

2024ರ ಜೂನ್ ಮೊದಲ ವಾರ ಐದು ಚಿತ್ರಗಳ ಮಾಲೆ ಮಾಡಿದೆವು. ಒಂದನೆಯದು ನಮ್ಮ ತೋಟದ ಫೋಟೋ. ಎರಡನೆಯದರಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ಸೇಂದೂರ ಎಂದು ತಳಿಗಳ ಹೆಸರು. ಮೂರನೆಯದರಲ್ಲಿ ದೊಡ್ಡ ಅಕ್ಷರದಲ್ಲಿ 'ಉಚಿತ! ಮಾವಿನ ಸಂಪೂರ್ಣ ಮಾರ್ಗದರ್ಶಿ'. ನಾಲ್ಕನೆಯದರಲ್ಲಿ 'ನಿಮ್ಮ ಇಮೇಲ್ ಕೊಡಿ'. ಕೊನೆಯದು 'ಧನ್ಯವಾದ'.

ಒಂದು ತಿಂಗಳಲ್ಲಿ ಬಂದ ವಿಳಾಸ ನಾಲ್ಕು. ಅದರಲ್ಲಿ ಎರಡು ನಮ್ಮ ನೆಂಟರವೇ.

ವಠಾರದ ಕೆಲವರನ್ನು ವಿಚಾರಿಸಿದೆ. ಒಬ್ಬರು ಅಂದರು: "ನೋಡಿದ್ವಿ ಸ್ವಾಮಿ. ಅದೇನು ಮಾರ್ಗದರ್ಶಿ ಅಂತ ಗೊತ್ತಾಗ್ಲಿಲ್ಲ. ಇಮೇಲ್ ಕೊಟ್ರೆ ದಿನಾ ಜಾಹೀರಾತು ಬರುತ್ತೆ ಅಂತ ಬಿಟ್ವಿ." ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ? ಕೊಡುವುದು ಏನು ಎಂದು ನಾವು ಹೇಳಿರಲಿಲ್ಲ. ಕೇಳುವುದನ್ನು ಮಾತ್ರ ದೊಡ್ಡದಾಗಿ ಬರೆದಿದ್ದೆವು. ನೀರು ಹಾಯಿಸದೆ ಫಸಲು ಕೇಳಿದ ಹಾಗೆ.

ಇನ್ನೊಂದು ತಪ್ಪೂ ಇತ್ತು. 'ಸಂಪೂರ್ಣ ಮಾರ್ಗದರ್ಶಿ' ಎಂದು ಹೆಸರಿಟ್ಟು ಒಂಬತ್ತು ಪುಟ ಬರೆದಿದ್ದೆ. ಮಾವಿನ ಇತಿಹಾಸ, ತಳಿ, ಗೊಬ್ಬರ, ಕಸಿ ಎಲ್ಲ ಅದರಲ್ಲಿತ್ತು. ಹಣ್ಣು ಕೊಂಡ ಮನೆಯವರಿಗೆ ಕಸಿ ಕಟ್ಟುವ ವಿಷಯ ಯಾಕೆ? ಅವರಿಗೆ ಬೇಕಾದ್ದು ಈ ಪೆಟ್ಟಿಗೆಯನ್ನು ಈವತ್ತು ಏನು ಮಾಡಬೇಕು ಅನ್ನೋದಷ್ಟೆ.

ಒಂದು ಪುಟಕ್ಕೆ ಇಳಿಸಿದ ಪಟ್ಟಿ

2025ರ ಹಂಗಾಮಿಗೆ ಮುಂಚೆ ಒಂಬತ್ತು ಪುಟವನ್ನು ಒಂದು ಪುಟಕ್ಕೆ ಇಳಿಸಿದೆ. ಪ್ರತಿ ಸಾಲಿನ ಮುಂದೆ ಟಿಕ್ ಹಾಕಲು ಒಂದು ಚೌಕ. ನಮ್ಮ 3 ಕಿಲೋ ಪೆಟ್ಟಿಗೆಯಲ್ಲಿ ಬಾದಾಮಿಯಾದರೆ ಗಾತ್ರ ನೋಡಿಕೊಂಡು 12 ಹಣ್ಣಿನ ಆಸುಪಾಸು ಇರುತ್ತವೆ. ಆ ಪೆಟ್ಟಿಗೆ ಮನೆಗೆ ಬಂದ ದಿನದಿಂದ ಕೊನೆಯ ಹಣ್ಣು ತಿನ್ನುವವರೆಗಿನ ಏಳು ಕೆಲಸಗಳು ಇವು:

1. ಪೆಟ್ಟಿಗೆ ಬಂದ ದಿನವೇ ತೆರೆಯಿರಿ. ಜಜ್ಜಿದ, ಸೊನೆ ಸೋರಿದ ಹಣ್ಣನ್ನು ಬೇರೆ ಇಡಿ.
2. ಹಸಿರಿರುವ ಕಾಯನ್ನು ಫ್ರಿಜ್ಜಿಗೆ ಇಡಬೇಡಿ.
3. ಭತ್ತದ ಹುಲ್ಲು ಅಥವಾ ಪತ್ರಿಕೆಯ ಹಾಳೆಯ ಮೇಲೆ, ಒಂದರ ಮೇಲೊಂದು ಬರದಂತೆ, ತೊಟ್ಟು ಕೆಳಗೆ ಮಾಡಿ ಹರಡಿ. ಮೇಲೊಂದು ಹಾಳೆ ಹೊದಿಸಿ.
4. ಬಿಸಿಲು ಬೀಳದ, ಗಾಳಿಯಾಡುವ ಜಾಗದಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ.
5. ದಿನಕ್ಕೊಮ್ಮೆ ನೋಡಿ. ತೊಟ್ಟಿನ ಬಳಿ ಪರಿಮಳ ಬಂದು, ಅಂಗೈಯಲ್ಲಿ ಹಿಡಿದಾಗ ಮೆದುವಾಗಿದ್ದರೆ ಆ ಹಣ್ಣು ತಯಾರು. ಬರೀ ಬಣ್ಣ ನಂಬಬೇಡಿ.
6. ತಯಾರಾದ ಹಣ್ಣನ್ನು ಮಾತ್ರ ಆಮೇಲೆ ಫ್ರಿಜ್ಜಿಗಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.
7. ಕೊಳೆತ ಹಣ್ಣು ಕಂಡರೆ ಆ ಕ್ಷಣ ತೆಗೆಯಿರಿ, ಪಕ್ಕದ ಹಣ್ಣನ್ನು ಒರೆಸಿಡಿ.

ಇಷ್ಟೇ. ನಮ್ಮಲ್ಲಿ ದೋಟಿಯಿಂದ ತೊಟ್ಟು ಸಮೇತ ಕಿತ್ತ ಬಲಿತ ಬಾದಾಮಿ, ಹುಲ್ಲಿನಲ್ಲಿ ಹಣ್ಣಾಗಲು ಸಾಮಾನ್ಯವಾಗಿ 8ರಿಂದ 10 ದಿನ ತಗೊಳ್ಳುತ್ತದೆ. ಕಿತ್ತು ಎರಡು ದಿನಕ್ಕೆ ಪೆಟ್ಟಿಗೆ ಬೆಂಗಳೂರು ಸೇರುತ್ತದೆ. ಹಾಗಾಗಿ ಪಟ್ಟಿಯ ತಲೆಯಲ್ಲಿ 'ಕಿತ್ತ ದಿನಾಂಕ' ಎಂದು ಒಂದು ಖಾಲಿ ಗೆರೆ ಬಿಟ್ಟಿದ್ದೇವೆ. ಅದನ್ನು ಪೆಟ್ಟಿಗೆಯ ಮೇಲೂ ಬರೆಯುತ್ತೇವೆ.

ಏಳು ಚಿತ್ರಗಳ ಹೊಸ ಮಾಲೆ

ಈಗ ಚಿತ್ರಮಾಲೆಯ ವಿಚಾರ. ಒಂದೊಂದು ಚಿತ್ರದಲ್ಲಿ ಒಂದೇ ಮಾತು, ಇಪ್ಪತ್ತು ಪದದೊಳಗೆ. ಅಳತೆ 1080 ಅಗಲ, 1350 ಎತ್ತರ ಇಟ್ಟರೆ ಫೋನಿನ ಪರದೆ ತುಂಬುತ್ತದೆ. ಕುಮಾರ ಪಾರ್ಕಿನಲ್ಲಿ ಕನ್ನಡ ಓದಲು ಬಾರದ ಮನೆಗಳೂ ಬಹಳ ಇವೆ. ಅದಕ್ಕೇ ಮೇಲೆ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಹಾಕಿದೆವು.

ಒಂದನೇ ಚಿತ್ರದಲ್ಲಿ ಕಪ್ಪು ಚುಕ್ಕೆಯ ಮಾವಿನಕಾಯಿಯ ಫೋಟೋ. 'ನಿಮ್ಮ ಮಾವಿನಕಾಯಿ ಹಣ್ಣಾಗದೆ ಹೀಗಾಯಿತೆ?' ಎಂಬ ಪ್ರಶ್ನೆ. ತೋಟದ ಚೆಂದದ ಫೋಟೋ ಇಲ್ಲಿ ಬೇಡ. ಗಿರಾಕಿ ಬೆರಳು ನಿಲ್ಲಿಸುವುದು ತನ್ನ ಮನೆಯ ತೊಂದರೆ ಕಂಡಾಗ.

ಎರಡನೆಯದು ಕಾರಣ: 'ಹಸಿರು ಕಾಯಿ ಫ್ರಿಜ್ಜಿನ ತಂಪಿಗೆ ಕೆಡುತ್ತದೆ, ಹಣ್ಣಾಗುವುದಿಲ್ಲ.' ಮೂರನೆಯದು ಪರಿಹಾರದ ಒಂದು ಭಾಗ: ಹಾಳೆಯ ಮೇಲೆ ಒಂದೇ ಪದರದಲ್ಲಿ ಹರಡಿದ ಕಾಯಿಗಳ ಫೋಟೋ. ನಾಲ್ಕನೆಯದು ಇನ್ನೊಂದು ಭಾಗ: ತೊಟ್ಟಿನ ಬಳಿ ಮೂಸಿ ನೋಡುತ್ತಿರುವ ಚಿತ್ರ. ವಿಳಾಸ ಕೊಡದವರಿಗೂ ಇಷ್ಟು ಉಪಯೋಗ ಸಿಗಲಿ ಎಂಬುದು ನಮ್ಮ ಲೆಕ್ಕ. ಎಲ್ಲವನ್ನೂ ಬಚ್ಚಿಟ್ಟು ಬರೀ ಆಸೆ ತೋರಿಸಿದರೆ ನಂಬಿಕೆ ಬರುವುದಿಲ್ಲ.

ಐದನೆಯದೇ ಮುಖ್ಯ. ಮೊದಲ ವರ್ಷ ನಾವು ಹಾಕದೇ ಬಿಟ್ಟ ಚಿತ್ರ ಇದು. ಅದರ ಮಾತನ್ನು ಇದ್ದ ಹಾಗೇ ಕೊಡುತ್ತೇನೆ:

'ಏಳು ಸಾಲಿನ ಪಟ್ಟಿ. ಒಂದೇ ಪುಟ, ಫ್ರಿಜ್ ಬಾಗಿಲಿಗೆ ಅಂಟಿಸಿ. ದಿನಕ್ಕೆ ಎರಡು ನಿಮಿಷ ನೋಡಿದರೆ ಕಾಯಿ ಕೆಟ್ಟು ಎಸೆಯುವುದು ಕಡಿಮೆಯಾಗುತ್ತದೆ. ಯಾರ ಹಣ್ಣಿಗಾದರೂ ಸರಿ.'

ಇದರಲ್ಲಿ ನಾಲ್ಕು ವಿಷಯ ಇದೆ, ನೋಡಿ. ಕೊಡುವ ವಸ್ತು ಏನು, ಎಷ್ಟು ದೊಡ್ಡದು ಎಂಬುದು ಒಂದು. ಅದನ್ನು ಎಲ್ಲಿ, ಹೇಗೆ ಬಳಸುವುದು ಎಂಬುದು ಎರಡು. ಬಳಸಿದರೆ ಮನೆಯಲ್ಲಿ ಏನು ಬದಲಾಗುತ್ತದೆ ಎಂಬುದು ಮೂರು. ನಮ್ಮ ಹಣ್ಣನ್ನೇ ಕೊಳ್ಳಬೇಕಾಗಿಲ್ಲ ಎಂಬುದು ನಾಲ್ಕು. ಈ ನಾಲ್ಕನೆಯದನ್ನು ಬರೆಯಲು ನನಗೆ ಮನಸ್ಸಿರಲಿಲ್ಲ. "ಅಲ್ಲ ಕಣಮ್ಮ, ಬೇರೆಯವರ ಹಣ್ಣಿಗೆ ನಾವ್ಯಾಕೆ ಪಟ್ಟಿ ಕೊಡ್ಬೇಕು?" ಎಂದೆ. ಅವಳು ನಕ್ಕಳು. "ಮಾವ, ಪಟ್ಟಿ ಕೊಟ್ಟವರನ್ನ ನೆನಪಿಟ್ಕೋತಾರೆ. ಮುಂದಿನ ವರ್ಷ ಯಾರ ಹತ್ರ ಕೊಳ್ತಾರೆ?" ಅವಳ ಮಾತು ನಿಜವಾಯಿತು.

ಉಪಯೋಗ ಹೇಳುವಾಗ ಅಳತೆ ಮೀರಬಾರದು. 'ಒಂದು ಹಣ್ಣೂ ಹಾಳಾಗುವುದಿಲ್ಲ' ಎಂದು ಬರೆಯಲು ಹೋಗಿ ಅಳಿಸಿದೆ. ಬಾದಾಮಿಯಲ್ಲಿ ಓಟೆಯ ಸುತ್ತ ತಿರುಳು ಬಿಳಿಚಿಕೊಂಡು ಸ್ಪಂಜಿನ ಹಾಗಾಗುವ ಒಂದು ದೋಷ ಇದೆ. ಹೊರಗಿನಿಂದ ನೋಡಿದರೆ ತಿಳಿಯದು, ಕೊಯ್ದಾಗಲೇ ಗೊತ್ತಾಗುವುದು. ಅದನ್ನು ಯಾವ ಪಟ್ಟಿಯೂ ತಪ್ಪಿಸಲಾರದು. ಆದ್ದರಿಂದ 'ಕಡಿಮೆಯಾಗುತ್ತದೆ' ಎಂದಷ್ಟೇ ಬರೆದು, ಅಂಥ ಹಣ್ಣು ಬಂದರೆ ಫೋಟೋ ಕಳಿಸಿ, ಮುಂದಿನ ಪೆಟ್ಟಿಗೆಯಲ್ಲಿ ಹೆಚ್ಚಿಗೆ ಒಂದು ಇಡುತ್ತೇವೆ ಎಂದು ಪಟ್ಟಿಯ ಅಡಿಯಲ್ಲಿ ಸೇರಿಸಿದೆವು.

ಆರನೆಯದು ಪಟ್ಟಿಯ ಫೋಟೋ, ನಿಜವಾಗಿಯೂ ಫ್ರಿಜ್ ಬಾಗಿಲಿಗೆ ಅಂಟಿಸಿ ತೆಗೆದದ್ದು. ಏಳನೆಯದರಲ್ಲಿ ಮಾತ್ರ ವಿಳಾಸ ಕೇಳಿದೆವು: 'ಪಟ್ಟಿ ಬೇಕಾದವರು ನಮ್ಮ ಪುಟದ ಮೇಲ್ಭಾಗದ ಕೊಂಡಿ ಒತ್ತಿ ಇಮೇಲ್ ಬರೆಯಿರಿ. ಫೋನ್ ನಂಬರ್ ಬೇಡ.'

'ಫೋನ್ ನಂಬರ್ ಬೇಡ' ಎಂಬ ಮಾತಿಗೆ ಪೇಟೆಯಲ್ಲಿ ಬೆಲೆ ಇದೆ. ದಿನಕ್ಕೆ ಹತ್ತು ಕಡೆಯಿಂದ ಸಾಲ ಬೇಕೆ, ಸೈಟು ಬೇಕೆ ಎಂಬ ಕರೆ ಬಂದು ಅವರು ಬೇಸತ್ತಿದ್ದಾರೆ. ಇಮೇಲ್ ಆದರೆ ಬೇಕಾದಾಗ ಓದಬಹುದು.

ಅರ್ಜಿ ಮತ್ತು ಪಟ್ಟಿ ತಲುಪಿಸುವ ಬಗೆ

ವಿಳಾಸ ಪಡೆಯಲು ಗೂಗಲ್ ಫಾರ್ಮ್ ಬಳಸಿದೆವು. ಹಣ ಕೊಡಬೇಕಿಲ್ಲ. ಬಂದ ವಿಳಾಸಗಳು ಒಂದು ತಖ್ತೆಯಲ್ಲಿ ಸಾಲಾಗಿ ಕೂರುತ್ತವೆ. ತಿಂಗಳಿಗೊಮ್ಮೆ ಅದನ್ನು ಇಳಿಸಿಕೊಂಡು, ನೋಟ್ ಪುಸ್ತಕದಲ್ಲೂ ಬರೆದಿಡುತ್ತೇನೆ. ಹೊಂಡ ಕಲಿಸಿದ ಪಾಠ!

ಅರ್ಜಿಯಲ್ಲಿ ಎರಡೇ ಪ್ರಶ್ನೆ. ಒಂದು ಇಮೇಲ್. ಇನ್ನೊಂದು ಟಿಕ್ ಹಾಕುವ ಚೌಕ: 'ಹಣ್ಣು ಕೀಳುವ ಕಾಲಕ್ಕೆ ನನಗೆ ತಿಳಿಸಿ. ವರ್ಷಕ್ಕೆ ಮೂರು ಪತ್ರ, ಅದಕ್ಕಿಂತ ಹೆಚ್ಚಿಲ್ಲ. ಬೇಡವಾದಾಗ ಬೇಡ ಎಂದು ಒಂದು ಸಾಲು ಬರೆದರೆ ಹೆಸರು ತೆಗೆಯುತ್ತೇವೆ.' ಈ ಚೌಕಕ್ಕೆ ಮೊದಲೇ ಟಿಕ್ ಹಾಕಿಡಬಾರದು, ಕಡ್ಡಾಯವೂ ಮಾಡಬಾರದು. ಟಿಕ್ ಹಾಕದವರಿಗೂ ಪಟ್ಟಿ ಸಿಗಬೇಕು.

ಇದು ಬರೀ ಮರ್ಯಾದೆಯ ಮಾತಲ್ಲ. ವೈಯಕ್ತಿಕ ಮಾಹಿತಿ ರಕ್ಷಣೆಗೆ 2023ರಲ್ಲಿ ಕೇಂದ್ರ ಕಾಯ್ದೆ ಬಂದಿದೆ, 2025ರ ನವೆಂಬರಿನಲ್ಲಿ ನಿಯಮಗಳೂ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವ ಹಾಗೆ ಮಾಡಿದ್ದಾರೆ. ಯಾವ ಕೆಲಸಕ್ಕೆ ಎಂದು ಹೇಳಿ ವಿಳಾಸ ಪಡೆದೆವೋ ಆ ಕೆಲಸಕ್ಕೆ ಮಾತ್ರ ಬಳಸಬೇಕು, ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎಂಬುದು ಅದರ ಸಾರ. ಪಟ್ಟಿಗೆಂದು ಪಡೆದ ವಿಳಾಸವನ್ನು ಬೇರೆ ವ್ಯಾಪಾರಿಗೆ ಕೊಡುವುದಂತೂ ಕೂಡದು.

ಅರ್ಜಿ ಕಳಿಸಿದ ಕೂಡಲೇ ಕಾಣುವ ಧನ್ಯವಾದದ ಸಂದೇಶದಲ್ಲೇ ಪಟ್ಟಿಯ ಕೊಂಡಿ ಇಟ್ಟೆವು. 'ನಾಳೆ ಕಳಿಸುತ್ತೇವೆ' ಅಂದರೆ ಗಿರಾಕಿ ಮರೆತುಬಿಡುತ್ತಾನೆ. ಕಾಯಿ ಮಾತ್ರ ಕಾಯುವುದಿಲ್ಲ.

ಎಲ್ಲಿ ಎಡವುತ್ತೇವೆ? ಹೇಗೆ ಗೊತ್ತಾಗುತ್ತದೆ?

2025ರ ಏಪ್ರಿಲ್ ಕೊನೆಗೆ ಮಾಲೆ ಹಾಕಿದ ಮೊದಲ ರಾತ್ರಿಯೇ ಒಂದು ಎಡವಟ್ಟು. ಬೆಳಿಗ್ಗೆ ಎದ್ದು ನೋಡಿದರೆ ಆರು ಜನರಿಂದ 'ಅನುಮತಿ ಕೊಡಿ' ಎಂಬ ಕೋರಿಕೆ. ಪಟ್ಟಿಯ ಕಡತವನ್ನು ಗೂಗಲ್ ಡ್ರೈವಿನಲ್ಲಿ ಇಟ್ಟಿದ್ದೆ, ಆದರೆ ಹಂಚಿಕೆಯ ಜಾಗದಲ್ಲಿ `Restricted` ಎಂದೇ ಬಿಟ್ಟಿದ್ದೆ. ಅದನ್ನು `Anyone with the link` ಮಾಡಿ, ಪಕ್ಕದಲ್ಲಿ `Viewer` ಎಂದಿಡಬೇಕು. `Editor` ಎಂದಿಟ್ಟರೆ ಯಾರು ಬೇಕಾದರೂ ನಿಮ್ಮ ಪಟ್ಟಿ ತಿದ್ದಬಹುದು, ಎಚ್ಚರ. ಆ ಆರು ಜನಕ್ಕೆ ಕ್ಷಮೆ ಕೇಳಿ ನಾನೇ ಪಟ್ಟಿ ಕಳಿಸಿದೆ.

ಎರಡನೇ ತೊಡಕು ಅರ್ಜಿಯದು. ಇಮೇಲ್ ಪಡೆಯುವ ಆಯ್ಕೆಯಲ್ಲಿ `Verified` ಎಂದಿಟ್ಟರೆ ಗೂಗಲ್ ಖಾತೆಗೆ ಲಾಗಿನ್ ಆದವರು ಮಾತ್ರ ತುಂಬಲು ಸಾಧ್ಯ. ಬೇರೆಯವರು ಅಲ್ಲಿಂದಲೇ ಹಿಂದಿರುಗುತ್ತಾರೆ. `Responder input` ಎಂದಿಟ್ಟರೆ ಯಾರೂ ಬರೆಯಬಹುದು, ಆದರೆ ಅಕ್ಷರ ತಪ್ಪಿ ಬರೆದರೆ ಪತ್ರ ವಾಪಸು ಬರುತ್ತದೆ. ನಾವು ಎರಡನೆಯದನ್ನು ಆರಿಸಿಕೊಂಡೆವು. ಪಟ್ಟಿ ಅಲ್ಲೇ ಸಿಗುವುದರಿಂದ ಅಕ್ಷರ ತಪ್ಪಿದವರಿಗೂ ನಷ್ಟವಿಲ್ಲ. ಏನೇ ಮಾಡಿದರೂ, ಹಾಕುವ ಮುಂಚೆ ನಿಮ್ಮದಲ್ಲದ ಒಂದು ಫೋನಿನಿಂದ ಮೊದಲಿಂದ ಕೊನೆವರೆಗೆ ತುಂಬಿ ನೋಡಿ. ನಮ್ಮ ಫೋನಿನಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ.

ಮೂರನೆಯದು ಕೊಂಡಿ. ಇನ್‌ಸ್ಟಾಗ್ರಾಂನಲ್ಲಿ ಚಿತ್ರದ ಕೆಳಗಿನ ಬರಹದಲ್ಲಿ ಕೊಂಡಿ ಹಾಕಿದರೆ ಅದು ಒತ್ತಲು ಬರುವುದಿಲ್ಲ, ಬರೀ ಅಕ್ಷರವಾಗಿ ಕಾಣುತ್ತದೆ. ನಮ್ಮ ಪುಟದ ಪರಿಚಯದ ಜಾಗದಲ್ಲಿ ಹಾಕಿದರೆ ಮಾತ್ರ ತೆರೆಯುತ್ತದೆ. ಆ ದಾರಿಯನ್ನು ಕೊನೆಯ ಚಿತ್ರದಲ್ಲಿ ಬಾಣ ಹಾಕಿ ತೋರಿಸಬೇಕು. ಇದರ ಜೊತೆಗೆ ಅದೇ ಅರ್ಜಿಯ ಕ್ಯೂಆರ್ ಚೌಕವನ್ನು ಮುದ್ರಿಸಿ ಪ್ರತಿ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿದೆವು.

ಇನ್ನು ಅಕ್ಷರದ ವಿಷಯ. ಫೋನಿನಲ್ಲಿ ಚಿತ್ರ ಮಾಡುವ ಕೆಲವು ಸಾಧನಗಳಲ್ಲಿ ಕನ್ನಡದ ಒತ್ತಕ್ಷರ ಒಡೆದು ಹೋಗುತ್ತವೆ. 'ಹಣ್ಣು' ಎಂಬ ಪದವೇ ಕೆಟ್ಟು ನಿಂತರೆ ಹಣ್ಣು ಮಾರುವುದು ಹೇಗೆ? ಅಕ್ಷರಶೈಲಿ ಬದಲಿಸಿ, ಚಿತ್ರ ಉಳಿಸಿದ ಮೇಲೆ ಇನ್ನೊಮ್ಮೆ ಓದಿ.

ಮಾಲೆ ಎಲ್ಲಿ ಸೋಲುತ್ತಿದೆ ಎಂದು ತಿಳಿಯಲು ಒಂದು ಸುಲಭ ಉಪಾಯ ಇದೆ. ಎಷ್ಟು ಜನರಿಗೆ ತಲುಪಿತು, ಎಷ್ಟು ಜನ ಉಳಿಸಿಕೊಂಡರು ಎಂಬ ಲೆಕ್ಕ ವ್ಯಾಪಾರದ ಖಾತೆಯಾದರೆ ಅಲ್ಲೇ ಸಿಗುತ್ತದೆ. ಬಹಳ ಜನಕ್ಕೆ ತಲುಪಿಯೂ ಯಾರೂ ಉಳಿಸಿಕೊಳ್ಳದಿದ್ದರೆ ಮೊದಲ ಚಿತ್ರಗಳು ಅವರಿಗೆ ಸಂಬಂಧಿಸಿದ್ದಲ್ಲ ಎಂದು ತಿಳಿಯಬಹುದು. ಉಳಿಸಿಕೊಂಡವರು ಇದ್ದೂ ವಿಳಾಸ ಬರದಿದ್ದರೆ ದೋಷ ಉಪಯೋಗ ಹೇಳುವ ಚಿತ್ರದಲ್ಲಿ ಅಥವಾ ಅರ್ಜಿಯ ದಾರಿಯಲ್ಲಿ ಇರುತ್ತದೆ. ಮೊದಲು ದಾರಿ ಪರೀಕ್ಷಿಸಿ, ಆಮೇಲೆ ಮಾತು ತಿದ್ದಿ.

ನಮ್ಮ ಲೆಕ್ಕ

2025ರಲ್ಲಿ ಐದು ವಾರಕ್ಕೆ 43 ವಿಳಾಸ ಬಂದವು. ಅದರಲ್ಲಿ 29 ಜನ ಹಣ್ಣಿನ ಕಾಲಕ್ಕೆ ತಿಳಿಸಿ ಎಂದು ಟಿಕ್ ಹಾಕಿದ್ದರು. ಆ 29 ಜನಕ್ಕೆ, ಮಲ್ಲಿಕಾ ಕೀಳುವ ನಾಲ್ಕು ದಿನ ಮುಂಚೆ ಒಂದು ಪತ್ರ ಬರೆದೆ: ಯಾವ ದಿನ ಕೀಳುತ್ತೇವೆ, ಯಾವ ದಿನ ಕುಮಾರ ಪಾರ್ಕಿಗೆ ತರುತ್ತೇವೆ, ಪೆಟ್ಟಿಗೆಗೆ ಎಷ್ಟು ಎಂಬುದಷ್ಟೇ. 17 ಜನ ಪೆಟ್ಟಿಗೆ ಹೇಳಿದರು. ಕಾಯಿ ಕೀಳುವ ಮೊದಲೇ ಗಿರಾಕಿ ಗೊತ್ತಿದ್ದದ್ದು ನನಗೆ ಅದೇ ಮೊದಲು. ಎಷ್ಟು ಬೇಕೋ ಅಷ್ಟೇ ಕಿತ್ತೆ. ಉಳಿದದ್ದು ಮರದಲ್ಲೇ ನಾಲ್ಕು ದಿನ ನಿಂತಿತು.

ಪತ್ರ ಬರೆಯುವಾಗ ಎಲ್ಲರ ವಿಳಾಸವನ್ನೂ `Bcc` ಜಾಗದಲ್ಲಿ ಹಾಕಿ. `To` ಜಾಗದಲ್ಲಿ ಹಾಕಿದರೆ ಒಬ್ಬರ ವಿಳಾಸ ಮತ್ತೊಬ್ಬರಿಗೆ ಕಾಣುತ್ತದೆ, ನಂಬಿಕೆ ಅಲ್ಲಿಗೆ ಮುಗಿಯಿತು. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನಕ್ಕೆ ಕಳಿಸಲು ಅವಕಾಶ ಇದೆ, ನಮ್ಮಂಥವರಿಗೆ ಅದು ಬೇಕಾದಷ್ಟಾಯಿತು.

4 ಇದ್ದದ್ದು 43 ಆದ ಲೆಕ್ಕವನ್ನು ಪೂರ್ತಿಯಾಗಿ ಆ ಐದನೇ ಚಿತ್ರಕ್ಕೇ ಬರೆಯಲಾರೆ. ಮೊದಲ ವರ್ಷ ಮಾಲೆ ಹಾಕುವಾಗ ಹಂಗಾಮು ಮುಗಿಯುತ್ತಾ ಬಂದಿತ್ತು, ಎರಡನೇ ವರ್ಷ ಶುರುವಿಗೇ ಹಾಕಿದೆವು. ಪಟ್ಟಿಯೂ ಬದಲಾಗಿತ್ತು. ಪೆಟ್ಟಿಗೆಯ ಮೇಲಿನ ಕ್ಯೂಆರ್ ಚೌಕದಿಂದಲೂ ಕೆಲವರು ಬಂದರು. ಆದರೂ ವಠಾರದಲ್ಲಿ ಕೇಳಿದಾಗ ಹೆಚ್ಚಿನವರು ಹೇಳಿದ್ದು, ಫ್ರಿಜ್ ಬಾಗಿಲಿಗೆ ಅಂಟಿಸಬಹುದು ಅಂತ ಇತ್ತಲ್ಲ, ಅದಕ್ಕೇ ತಗೊಂಡ್ವಿ ಎಂದು.

ಇದು ಎಲ್ಲರಿಗೂ ಹೊಂದುವ ಕ್ರಮವೂ ಅಲ್ಲ. ಗಿರಾಕಿಗಳು ಹತ್ತಿರದ ಹಳ್ಳಿ, ಹೋಬಳಿಯವರಾದರೆ ಇಮೇಲ್ ನೋಡುವವರು ಕಡಿಮೆ. ಅಲ್ಲಿ ಫೋನೇ ಸರಿ, ಸಂತೆಯಲ್ಲಿ ಕೈಗೆ ಕೊಡುವ ಚೀಟಿಯೇ ಸರಿ. ಫಸಲನ್ನು ಹೂವಿನಲ್ಲೇ ಗುತ್ತಿಗೆಗೆ ಕೊಡುವವರಿಗೂ ಇದರಿಂದ ಪ್ರಯೋಜನವಿಲ್ಲ. ಮನೆಗೆ ಒಯ್ದ ಮೇಲೆ ಗಿರಾಕಿ ಎಲ್ಲಿ ತಪ್ಪುತ್ತಾನೆ ಎಂಬುದು ನಿಮಗೆ ಗೊತ್ತಿದ್ದು, ಅದಕ್ಕೊಂದು ಪುಟದ ಪರಿಹಾರ ನಿಮ್ಮಲ್ಲಿದ್ದರೆ ಮಾತ್ರ ಕೈ ಹಾಕಿ. ಗಾಣದ ಎಣ್ಣೆಯ ಅಡಿಯಲ್ಲಿ ಮಡ್ಡಿ ನಿಂತರೆ ಕೆಟ್ಟಿದೆ ಎನ್ನುವವರು, ಪಾಲಿಶ್ ಮಾಡದ ಅಕ್ಕಿಗೆ ಹುಳ ಬಂತೆಂದು ವಾಪಸು ತರುವವರು ನಿಮ್ಮಲ್ಲೂ ಇದ್ದಾರಲ್ಲ? ನಿಮ್ಮ ಪಟ್ಟಿ ಅಲ್ಲಿದೆ.

ಪೆಟ್ಟಿಗೆ ವಾಪಸು ತಂದ ಆ ತಾಯಿ 2025ರಲ್ಲಿ ಎರಡು ಪೆಟ್ಟಿಗೆ ಕೊಂಡರು. ಅವರ ಫ್ರಿಜ್ ಬಾಗಿಲಲ್ಲಿ ಪಟ್ಟಿ ಇದೆ. ಎರಡನೇ ಸಾಲಿಗೆ ಅವರೇ ಕೆಂಪು ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದಾರೆ.